ಮೈಕ್ರೋಬಯಾಲಜಿ ಓದಿದವರು ಈಗ ‘ಆರೋಗ್ಯ ವೃತ್ತಿ’ಯವರೇ? ಯುಜಿಸಿ ಆದೇಶ ಹುಟ್ಟಿಸಿದ ಗೊಂದಲ

2025ರ ಆಗಸ್ಟ್‌ನಲ್ಲಿ ಯುಜಿಸಿ ಒಂದು ಸೂಚನೆ ಹೊರಡಿಸಿತು. ಮನಃಶಾಸ್ತ್ರ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಆಹಾರ ಮತ್ತು ಪೋಷಣೆ, ಕ್ಲಿನಿಕಲ್ ನ್ಯೂಟ್ರಿಷನ್ ಮೊದಲಾದ ವಿಷಯಗಳನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಇನ್ನು ಕಲಿಸುವಂತಿಲ್ಲ ಎಂದಿತು. ಸುದ್ದಿ ಎರಡು ಸಾಲಿನದು. ಆದರೆ ಅದು ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡುವಷ್ಟರಲ್ಲಿ ಮೂರು ಸುದ್ದಿಯಾಯಿತು. ಬಯೋಟೆಕ್ ಕೋರ್ಸೇ ಬಂದ್ ಆಯ್ತಂತೆ ಎಂದು ಒಬ್ಬರು. ಹಳೇ ಡಿಗ್ರಿಗೆ ಬೆಲೆ ಇಲ್ಲವಂತೆ ಎಂದು ಇನ್ನೊಬ್ಬರು. ಇನ್ನು ಮುಂದೆ ಎಂಎಸ್ಸಿ ಮೈಕ್ರೋ ಮಾಡಿದವರಿಗೆ ಆಸ್ಪತ್ರೆಯಲ್ಲಿ ನೇರ ಕೆಲಸವಂತೆ ಎಂದು ಮತ್ತೊಬ್ಬರು.

ಮೂರೂ ತಪ್ಪು. ಆದರೆ ಮೂರಕ್ಕೂ ಮೂಲ ಒಂದೇ ಕಾಯ್ದೆ, ಮತ್ತು ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಜೀವವಿಜ್ಞಾನ ಓದುತ್ತಿರುವವರು ಆ ಕಾಯ್ದೆಯನ್ನು ಒಮ್ಮೆ ನೋಡಿಬಿಡುವುದು ಒಳ್ಳೆಯದು. ಡಾಕ್ಟರಾಗದೆ, ನರ್ಸಾಗದೆ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಹುಡುಕುವವರಿಗೆ ಅದು ಒಂದು ಬಾಗಿಲನ್ನು ಅರ್ಧ ಮುಚ್ಚಿದೆ. ಉಳಿದ ಬಾಗಿಲುಗಳನ್ನು ಮುಟ್ಟಿಯೇ ಇಲ್ಲ.

ಆದೇಶದಲ್ಲಿ ಇರುವುದು ಇಷ್ಟೇ

ಕಲಿಸುವ ವಿಧಾನದ ಮೇಲೆ ನಿರ್ಬಂಧ ಬಂದಿದೆ, ವಿಷಯದ ಮೇಲಲ್ಲ. ಕಾಲೇಜಿಗೆ ಹೋಗಿ, ಪ್ರಾಕ್ಟಿಕಲ್ ಮಾಡಿ ಪಡೆಯುವ ಬಿಎಸ್ಸಿ, ಎಂಎಸ್ಸಿ ಹಾಗೇ ಇವೆ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಈ ವಿಷಯಗಳಿಗೆ ದೂರಶಿಕ್ಷಣದಲ್ಲಿ ಹೊಸಬರನ್ನು ಸೇರಿಸಿಕೊಳ್ಳಬಾರದು, ಅಷ್ಟೇ. ಒಂದೇ ಡಿಗ್ರಿಯಲ್ಲಿ ಹಲವು ವಿಷಯಗಳಿದ್ದರೆ ಇಡೀ ಡಿಗ್ರಿ ನಿಲ್ಲುವುದಿಲ್ಲ, ಈ ವಿಷಯ ಮಾತ್ರ ಹೊರಬೀಳುತ್ತದೆ.

ಯಾಕೆ ಈ ವಿಷಯಗಳೇ? 2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ವೈದ್ಯರಿಗೆ, ನರ್ಸ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ತಮ್ಮದೇ ಕೌನ್ಸಿಲ್ ಇದೆ. ಫಿಜಿಯೋಥೆರಪಿಸ್ಟ್, ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ತೆಗೆಯುವವರು, ಆಹಾರ ತಜ್ಞರು ಇವರಿಗೆಲ್ಲ ದೇಶಮಟ್ಟದ ಒಂದು ಕೌನ್ಸಿಲ್ ಇರಲಿಲ್ಲ. ಆ ಕೊರತೆ ತುಂಬಲು ಬಂದ ಕಾಯ್ದೆ ಇದು. ಅದರ ಕೊನೆಯ ಪಟ್ಟಿಯಲ್ಲಿ ಹತ್ತು ಗುಂಪುಗಳಿವೆ. ರಾಜ್ಯಗಳು ಇದನ್ನು ಜಾರಿ ಮಾಡದೆ ಸುಮ್ನೆ ಕೂತಿದ್ದಾಗ, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಕೊಟ್ಟಿತು. ಆಮೇಲೆ ಎಲ್ಲ ಚುರುಕಾಯಿತು. ಯುಜಿಸಿ ಆದೇಶವೂ ಆ ಚುರುಕಿನ ಭಾಗವೇ. ಆರೋಗ್ಯ ವೃತ್ತಿ ಅಂದಮೇಲೆ ಕೈಯಿಂದ ಮಾಡಿ ಕಲಿಯಬೇಕು, ಪೋಸ್ಟಿನಲ್ಲಿ ಬಂದ ಪುಸ್ತಕದಿಂದ ಆಗದು ಎಂಬುದು ಅದರ ಹಿಂದಿನ ತರ್ಕ.

ಪಟ್ಟಿಯ ಒಳಗೊಂದು ಪುಟ್ಟ ಪದ

ಹತ್ತು ಗುಂಪುಗಳಲ್ಲಿ ಮೊದಲನೆಯದೇ ‘ವೈದ್ಯಕೀಯ ಪ್ರಯೋಗಾಲಯ ಮತ್ತು ಜೀವವಿಜ್ಞಾನ’. ಇದರಲ್ಲಿ ಬಯೋಟೆಕ್ನಾಲಜಿಸ್ಟ್ ಇದ್ದಾರೆ, ಬಯೋಕೆಮಿಸ್ಟ್ ಇದ್ದಾರೆ, ಮೈಕ್ರೋಬಯಾಲಜಿಸ್ಟ್ ಇದ್ದಾರೆ. ಆದರೆ ಬಯೋಕೆಮಿಸ್ಟ್, ಮೈಕ್ರೋಬಯಾಲಜಿಸ್ಟ್ ಎಂಬ ಹೆಸರುಗಳ ಪಕ್ಕದಲ್ಲೇ ಒಂದು ಪದ ಅಂಟಿಕೊಂಡಿದೆ: ನಾನ್-ಕ್ಲಿನಿಕಲ್.

ಇಡೀ ಗೊಂದಲಕ್ಕೆ ಉತ್ತರ ಈ ಪದದಲ್ಲಿದೆ. ಎಂಎಸ್ಸಿ ಮೈಕ್ರೋಬಯಾಲಜಿ ಮಾಡಿದವರನ್ನು ಕಾಯ್ದೆ ಆರೋಗ್ಯ ವೃತ್ತಿಯ ಮನೆಯೊಳಗೆ ಕರೆದಿದೆ, ಆದರೆ ಪಡಸಾಲೆಯವರೆಗೆ ಮಾತ್ರ. ರೋಗಿಯ ರಕ್ತದಲ್ಲಿ ಇಂಥ ಸೋಂಕಿದೆ ಎಂದು ವರದಿ ಕೊಟ್ಟು ಅದಕ್ಕೆ ಜವಾಬ್ದಾರಿ ಹೊರುವ ಕೆಲಸ ಇವರದ್ದು ಎಂದು ಅದು ಹೇಳುತ್ತಿಲ್ಲ. ಈ ಸಹಿಯ ಜಗಳ ಹಳೆಯದು. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ, ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದರ ನಂತರವೂ ನಿಯಮಗಳ ಸುತ್ತ ಎಳೆದಾಟ ನಡೆದೇ ಇದೆ.

ಇನ್ನೊಂದು ವಿಚಿತ್ರ ನೋಡಿ. ಆ ಪಟ್ಟಿಯಲ್ಲಿ ಝೂಆಲಜಿ, ಬಾಟನಿ ಹೆಸರಿಲ್ಲ. ನಮ್ಮ ಭಾಗದಲ್ಲಿ ಬಿಎಸ್ಸಿ ಸೀಟು ಹಿಡಿಯುವವರು ಈ ಎರಡನ್ನು ಕೊನೆಯ ಆಯ್ಕೆ ಎಂದುಕೊಳ್ಳುವುದೇ ಜಾಸ್ತಿ. ಈಗ ಪಟ್ಟಿಯಲ್ಲೂ ಇಲ್ಲ ಅಂದಮೇಲೆ ಇನ್ನೂ ಕೆಳಗಾಯಿತು ಅನ್ನಿಸಬಹುದು. ನಿಜವಾಗಿ ಹಾಗಿಲ್ಲ, ಮುಂದೆ ನೋಡೋಣ.

ಪರ-ವಿರೋಧ

ಕಾಯ್ದೆಯ ಪರ ಇರುವವರ ಮಾತು ಹೀಗಿದೆ. ನೋಂದಣಿ ಇಲ್ಲದೆ ಯಾರು ಬೇಕಾದರೂ ಲ್ಯಾಬ್‌ನಲ್ಲಿ, ಡಯಟ್ ಕ್ಲಿನಿಕ್‌ನಲ್ಲಿ ಕೂರುವುದು ನಿಲ್ಲಬೇಕು. ಕಾಯ್ದೆಯಂತೆ ಸಹಾಯಕ ವೃತ್ತಿಯ ಕೋರ್ಸಿಗೆ ಕನಿಷ್ಠ 2,000 ಗಂಟೆ, ಆರೋಗ್ಯ ಸೇವಾ ವೃತ್ತಿಯ ಡಿಗ್ರಿಗೆ ಕನಿಷ್ಠ 3,600 ಗಂಟೆ ಕಲಿಕೆ ಬೇಕು. ಇಷ್ಟು ಗಂಟೆ ಕಲಿತವರ ಹೆಸರು ಒಂದು ರಿಜಿಸ್ಟರ್‌ನಲ್ಲಿದ್ದರೆ ಸಂಬಳಕ್ಕೂ, ಬೇರೆ ರಾಜ್ಯಕ್ಕೆ ಹೋಗುವುದಕ್ಕೂ ಅನುಕೂಲ.

ಎದುರು ವಾದವೂ ಹಗುರವಲ್ಲ. ಬಯೋಟೆಕ್ನಾಲಜಿ ಓದಿದವರಲ್ಲಿ ಬೀಜದ ಕಂಪನಿಗೆ, ಆಹಾರ ಕಾರ್ಖಾನೆಗೆ ಹೋಗುವವರೂ ಇದ್ದಾರೆ. ರಾಣೆಬೆನ್ನೂರಿನ ಬೀಜೋದ್ಯಮದಲ್ಲಿ ಟಿಶ್ಯೂ ಕಲ್ಚರ್ ಮಾಡುವವರು ಆರೋಗ್ಯ ವೃತ್ತಿಯವರು ಹೇಗಾದಾರು? ಅವರನ್ನೂ ಇದೇ ಚೀಲಕ್ಕೆ ಹಾಕಿದರೆ ದುಡಿಯುತ್ತಲೇ ಓದಬೇಕಾದವರಿಗೆ ಇದ್ದ ಒಂದು ದಾರಿ ಸುಮ್ನೆ ಮುಚ್ಚಿದಂತೆ. ಶಿಗ್ಗಾವಿಯ ಔಷಧ ಅಂಗಡಿಯಲ್ಲಿ ಹಗಲು ಕೆಲಸ ಮಾಡಿ ದೂರಶಿಕ್ಷಣದಲ್ಲಿ ಎಂಎಸ್ಸಿ ಮಾಡಬೇಕೆಂದಿದ್ದ ಹುಡುಗಿ ಇನ್ನು ಧಾರವಾಡದಲ್ಲಿ ರೂಮು ಮಾಡಿಯೇ ಓದಬೇಕು.

ಎರಡನೆಯ ವಾದದಲ್ಲಿ ತೂಕ ಜಾಸ್ತಿ ಅನಿಸುತ್ತದೆ, ಆದರೆ ಒಂದು ತಿದ್ದುಪಡಿಯೊಂದಿಗೆ. ದೂರಶಿಕ್ಷಣದ ಮೈಕ್ರೋಬಯಾಲಜಿ ಎಂಎಸ್ಸಿ ಹಿಡಿದು ಲ್ಯಾಬ್ ಕೆಲಸಕ್ಕೆ ಹೋದವರನ್ನು ಸಂದರ್ಶನದಲ್ಲಿ ಒಂದು ಸ್ಟ್ರೀಕ್ ಪ್ಲೇಟ್ ಎಳೆಯಲು ಹೇಳಿದರೆ ಕಷ್ಟ ಅಲ್ಲೇ ಗೊತ್ತಾಗುತ್ತದೆ. ಮುಚ್ಚಿದ ದಾರಿ ಅಷ್ಟೇನೂ ಒಳ್ಳೆಯ ದಾರಿಯಾಗಿರಲಿಲ್ಲ. ಒಳ್ಳೆಯ ದಾರಿಗಳು ಬೇರೆ ಕಡೆ ಇವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಈ ಕಾಯ್ದೆಯ ನೋಂದಣಿಯೂ ಬೇಕಿಲ್ಲ.

ಝೂಆಲಜಿಯವರು ಪಟ್ಟಿಯಲ್ಲಿಲ್ಲ, ಡೆಂಗಿ ಲೆಕ್ಕದಲ್ಲಿದ್ದಾರೆ

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿತು. ಡೆಂಗಿಗೆ ಚಿಕಿತ್ಸೆ ಕೊಡುವವರು ವೈದ್ಯರು. ಆದರೆ ಯಾವ ಓಣಿಯಲ್ಲಿ, ಯಾವ ಪಾತ್ರೆಯಲ್ಲಿ ಸೊಳ್ಳೆ ಹುಟ್ಟುತ್ತಿದೆ ಎಂದು ಹುಡುಕುವ ಕೆಲಸ ಕೀಟಶಾಸ್ತ್ರಜ್ಞರದು. ಎಂಟಮಾಲಜಿಸ್ಟ್ ಎಂಬ ಆ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ಎಂಎಸ್ಸಿ ಝೂಆಲಜಿ, ಅದರಲ್ಲೂ ಕೀಟಶಾಸ್ತ್ರ ಓದಿದವರನ್ನು. ಎಂಬಿಬಿಎಸ್ ಬೇಡ.

ಕೆಲಸ ಹೇಗಿರುತ್ತದೆ ಎಂದು ಒಂದು ಲೆಕ್ಕದಲ್ಲಿ ನೋಡೋಣ. ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ 240 ಮನೆಗಳ ಸಮೀಕ್ಷೆ ಅಂದುಕೊಳ್ಳಿ. 40 ಮನೆಗೆ ಬೀಗ. ಒಳಗೆ ಹೋಗಿ ನೋಡಿದ್ದು 200. ಅದರಲ್ಲಿ 30 ಮನೆಗಳಲ್ಲಿ ಈಡಿಸ್ ಸೊಳ್ಳೆಯ ಮರಿಹುಳು ಸಿಕ್ಕಿತು. ನೂರು ಮನೆಗೆ 15, ಇದು ಹೌಸ್ ಇಂಡೆಕ್ಸ್. ಆ 200 ಮನೆಗಳಲ್ಲಿ ನೀರು ತುಂಬಿದ ಪಾತ್ರೆ, ಬ್ಯಾರಲ್, ತೊಟ್ಟಿ ಎಲ್ಲ ಸೇರಿ 600 ಇದ್ದವು, ಹುಳು ಇದ್ದದ್ದು 36ರಲ್ಲಿ. ನೂರು ಪಾತ್ರೆಗೆ 6, ಇದು ಕಂಟೇನರ್ ಇಂಡೆಕ್ಸ್. ನೂರು ಮನೆಗೆ ಹುಳು ಇರುವ ಪಾತ್ರೆ ಎಷ್ಟು ಅಂದರೆ 18, ಇದಕ್ಕೆ ಬ್ರೆಟೊ ಇಂಡೆಕ್ಸ್ ಅನ್ನುತ್ತಾರೆ.

ತಪ್ಪು ಆಗುವುದು ಎಲ್ಲಿ? ಮೊದಲನೆಯದು ಬೀಗ ಹಾಕಿದ ಮನೆಗಳಲ್ಲಿ. ಆ 40 ಮನೆಗಳನ್ನೂ ‘ಹುಳು ಇಲ್ಲ’ ಎಂದು ಬರೆದುಬಿಟ್ಟರೆ ಹೌಸ್ ಇಂಡೆಕ್ಸ್ 15ರಿಂದ 12.5ಕ್ಕೆ ಇಳಿಯುತ್ತದೆ. ಸೊಳ್ಳೆ ಒಂದೂ ಕಡಿಮೆಯಾಗಿಲ್ಲ, ಕಾಗದದಲ್ಲಿ ಮಾತ್ರ ಊರು ಸುಧಾರಿಸಿತು. ಬಂದ ಶೀಟಿನಲ್ಲಿ ಬೀಗದ ಮನೆ ಒಂದೂ ಇಲ್ಲ ಅಂದರೆ ಅನುಭವ ಇರುವವರು ಅಲ್ಲೇ ಅನುಮಾನ ಪಡುತ್ತಾರೆ. ಹಗಲು ಹೊತ್ತಿನಲ್ಲಿ ಎಲ್ಲರೂ ಮನೆಯಲ್ಲಿರುವ ಓಣಿ ಎಲ್ಲಿದೆ ಹೇಳಿ?

ಎರಡನೆಯದು, ಹುಳು ಯಾವುದು ಎಂದು ಗುರುತಿಸುವಲ್ಲಿ. ಚರಂಡಿಯ ಕ್ಯೂಲೆಕ್ಸ್ ಮರಿಯನ್ನು ಈಡಿಸ್ ಎಂದು ಬರೆದರೆ ಡೆಂಗಿಯ ಕೆಲಸ ಇಲ್ಲದ ಜಾಗಕ್ಕೆ ತಂಡ ಹೋಗುತ್ತದೆ. ಈಡಿಸ್ ಮರಿಯ ಉಸಿರುನಳಿಗೆ ಗಿಡ್ಡ, ದಪ್ಪ. ಕ್ಯೂಲೆಕ್ಸ್‌ದು ಉದ್ದ, ಸಪೂರ. ಮಲೇರಿಯಾದ ಅನಾಫಿಲಿಸ್‌ಗೆ ಆ ನಳಿಗೆಯೇ ಇಲ್ಲ, ಅದು ನೀರಿನ ಮೇಲ್ಮೈಗೆ ಸಮನಾಗಿ ಅಡ್ಡ ಮಲಗಿರುತ್ತದೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಪೆನ್ಸಿಲ್‌ನಿಂದ ಬಿಡಿಸಿ ಮರೆತ ಚಿತ್ರ ಇಲ್ಲಿ ಸಂಬಳ ತರುತ್ತದೆ.

ಮೂರನೆಯದು ಹುಬ್ಬಳ್ಳಿ-ಧಾರವಾಡಕ್ಕೇ ಹೆಚ್ಚು ಹೊಂದುವ ಮಾತು. ಇಲ್ಲಿ ಎಷ್ಟೋ ಬಡಾವಣೆಗಳಿಗೆ ನಲ್ಲಿ ನೀರು ಬರುವುದು ಹಲವು ದಿನಕ್ಕೊಮ್ಮೆ. ನೀರು ಬಿಟ್ಟ ದಿನ ಕೊಡ, ಬ್ಯಾರಲ್, ಸಿಂಟೆಕ್ಸ್ ಎಲ್ಲ ತುಂಬಿಸಿಡಬೇಕು. ಈಡಿಸ್ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಸಾಕು. ನೀರಿನ ಸರದಿ ಮತ್ತು ಸೊಳ್ಳೆಯ ಸರದಿ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತದೆ. ವಾರಕ್ಕೊಮ್ಮೆ ಬ್ಯಾರಲ್ ಖಾಲಿ ಮಾಡಿ ಎಂದು ಪಾಂಪ್ಲೆಟ್ ಹಂಚಿದರೆ ಯಾವ ತಾಯಿಯೂ ಕೇಳುವುದಿಲ್ಲ, ಮುಂದಿನ ನೀರು ಯಾವಾಗ ಬರುತ್ತದೋ ಗೊತ್ತಿಲ್ಲದೆ ಇದ್ದ ನೀರು ಚೆಲ್ಲುವುದು ಹೇಗೆ? ಖಾಲಿ ಮಾಡಿದರೂ ಸಾಲದು. ಮೊಟ್ಟೆ ಅಂಟಿರುವುದು ನೀರಿನ ಅಂಚಿನ ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ತಾಗಿದರೆ ಒಡೆಯುತ್ತವೆ. ಹಾಗಾಗಿ ಇಲ್ಲಿ ಕೊಡಬೇಕಾದ ಸಲಹೆ ಬೇರೆ: ನೀರು ಬಿಡುವ ದಿನ ಬೆಳಿಗ್ಗೆ, ತಳದ ನೀರನ್ನು ಬಳಿದು ಗೋಡೆಯನ್ನು ಬ್ರಷ್‌ನಿಂದ ಉಜ್ಜಿ, ತುಂಬಿಸಿದ ಮೇಲೆ ಬಟ್ಟೆ ಕಟ್ಟಿ.

ಇಷ್ಟನ್ನು ಯೋಚಿಸುವವರು ಇಲ್ಲದಿದ್ದರೆ ಏನಾಗುತ್ತದೆ? ಫಾಗಿಂಗ್ ಯಂತ್ರ ಬರುತ್ತದೆ. ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ಬ್ಯಾರಲ್‌ನಲ್ಲಿರುವ ಹುಳು ಅಲ್ಲೇ ಇರುತ್ತದೆ. ವಾರದೊಳಗೆ ಮತ್ತೆ ಅದೇ ಕಥೆ.

ಈ ದಾರಿಯ ಮಿತಿಯನ್ನೂ ಹೇಳಬೇಕು. ಇಂಥ ಹುದ್ದೆ ಒಂದು ಜಿಲ್ಲೆಗೆ ಬೆರಳೆಣಿಕೆಯಷ್ಟೂ ಇರುವುದಿಲ್ಲ, ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಇರುವವು ಗುತ್ತಿಗೆಯವು, ವರ್ಷ ವರ್ಷ ನವೀಕರಣವಾಗಬೇಕು.

ಬೈಕ್ ಲೈಸೆನ್ಸ್ ಕೇಳುವ ಹುದ್ದೆ

ಎಂಎಸ್ಸಿ ಮಾಡಲಾಗದವರಿಗೆ ಇನ್ನೊಂದು ಹುದ್ದೆ ಇದೆ. ಕ್ಷಯರೋಗ ಕಾರ್ಯಕ್ರಮದ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು, ಇಲಾಖೆಯಲ್ಲಿ ಎಲ್ಲರೂ ಎಸ್‌ಟಿಎಸ್ ಅನ್ನುತ್ತಾರೆ. ಇದಕ್ಕೆ ಬೇಕಾದ ಅರ್ಹತೆ ಒಂದು ಪದವಿ ಅಥವಾ ಸ್ಯಾನಿಟರಿ ಇನ್‌ಸ್ಪೆಕ್ಟರ್ ಕೋರ್ಸು, ಕಂಪ್ಯೂಟರ್ ಸರ್ಟಿಫಿಕೇಟು ಮತ್ತು ದ್ವಿಚಕ್ರ ವಾಹನದ ಖಾಯಂ ಲೈಸೆನ್ಸು. ಎಲ್‌ಎಲ್ ನಡೆಯುವುದಿಲ್ಲ. ಅಂಕ ಚೆನ್ನಾಗಿದ್ದೂ ಬರೀ ಲೈಸೆನ್ಸಿಗಾಗಿ ಅರ್ಜಿ ಬಿದ್ದುಹೋಗಬಹುದು, ಅದಕ್ಕೇ ಕೊನೆಯ ಸೆಮಿಸ್ಟರ್ ರಜೆಯಲ್ಲೇ ಮಾಡಿಸಿಟ್ಟುಕೊಂಡರೆ ಲೇಸು.

ಲೈಸೆನ್ಸ್ ಯಾಕೆ ಅಂದರೆ ಕೆಲಸ ಇರುವುದೇ ರಸ್ತೆಯ ಮೇಲೆ. ಟಿಬಿ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ಎರಡನೇ ತಿಂಗಳಿಗೆ ಕೆಮ್ಮು ನಿಂತು, ಹಸಿವು ಬಂದು, ಆರಾಮ ಆಯಿತು ಎಂದು ರೋಗಿ ಮಾತ್ರೆ ಬಿಟ್ಟು ಗೋವಾಕ್ಕೆ ಕೂಲಿಗೆ ಹೋಗಿಬಿಡುತ್ತಾನೆ. ಟಿಬಿ ರೋಗಿಗಳ ದಾಖಲೆ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅವನ ಹೆಸರಿನ ಮುಂದೆ ಖಾಲಿ ದಿನಗಳು ಕಾಣತೊಡಗುತ್ತವೆ. ಅವನ ಮನೆಗೆ ಹೋಗಿ, ಎಲ್ಲಿದ್ದಾನೆ ತಿಳಿದು, ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸಿ, ಮನೆಯವರ ತಪಾಸಣೆ ಮಾಡಿಸುವುದು ಎಸ್‌ಟಿಎಸ್ ಕೆಲಸ. ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿ ಬರುವ ಅಪಾಯ ಏಕೆ ಎಂದು ಜೀವವಿಜ್ಞಾನ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದನ್ನೇ ರೋಣದ ಒಬ್ಬ ಅಜ್ಜನಿಗೆ ಅವರ ಮಾತಲ್ಲಿ ಹೇಳುವುದು ಮಾತ್ರ ಕಾಲೇಜಿನಲ್ಲಿ ಕಲಿಸುವುದಿಲ್ಲ.

ಇಲ್ಲಿಂದ ಮೇಲಕ್ಕೆ ಏರಬೇಕಾದರೆ ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಎಂಬ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆ. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲೂ ಈ ಕೋರ್ಸು ಇದೆ. ಆದರೆ ಗಮನಿಸಿ, ರೋಗ ಹೇಗೆ ಹರಡುತ್ತಿದೆ ಎಂದು ನೋಡುವ ಜಿಲ್ಲಾ ಮಟ್ಟದ ಎಪಿಡೆಮಿಯಾಲಜಿಸ್ಟ್‌ನಂಥ ಹುದ್ದೆಗಳಲ್ಲಿ ಎಂಬಿಬಿಎಸ್ ಆದವರಿಗೇ ಮೊದಲ ಆದ್ಯತೆ ಕೊಡುವುದು ರೂಢಿ. ಎಂಪಿಎಚ್ ಮಾಡಿದ ತಕ್ಷಣ ಆ ಕುರ್ಚಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಹಳೆಯ ನೇಮಕಾತಿ ಪ್ರಕಟಣೆ ತೋರಿಸಿ ಎಂದು ಕೇಳಿ.

ಆಸ್ಪತ್ರೆ ಆಡಳಿತ: ಇಲ್ಲಿ ಜೀವವಿಜ್ಞಾನಕ್ಕೆ ಅಂಥ ಮೇಲುಗೈ ಇಲ್ಲ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಂದ ಮೇಲೆ ಆಸ್ಪತ್ರೆಗಳಲ್ಲಿ ಕ್ಲೇಮ್ ವಿಭಾಗ ದೊಡ್ಡದಾಗಿದೆ. ಒಂದು ಪ್ಯಾಕೇಜಿಗೆ ಮುಂಗಡ ಅನುಮತಿ ಪಡೆದು, ಆಪರೇಷನ್ ಟೇಬಲ್ ಮೇಲೆ ಬೇರೆ ತೊಡಕು ಕಂಡು ಬೇರೆ ಶಸ್ತ್ರಚಿಕಿತ್ಸೆ ಮಾಡಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಹಳೆಯದನ್ನೇ ಬರೆದರೆ ಕ್ಲೇಮ್ ವಾಪಸ್ ಬರುತ್ತದೆ. ಕಳಿಸುವ ಮೊದಲೇ ಇದನ್ನು ಹಿಡಿಯುವವರು ಆಸ್ಪತ್ರೆಗೆ ಬೇಕು. ಜೀವವಿಜ್ಞಾನ ಓದಿದವರಿಗೆ ಪದಗಳು ಬೇಗ ಅರ್ಥವಾಗುತ್ತವೆ, ಅದು ನಿಜ. ಆದರೆ ಬಿಕಾಂ ಓದಿದ ಚುರುಕು ಹುಡುಗ ಆರು ತಿಂಗಳಲ್ಲಿ ಅದನ್ನೇ ಕಲಿಯುತ್ತಾನೆ. ಮೇಲಿನ ಹುದ್ದೆಗಳಿಗೆ ಆಸ್ಪತ್ರೆ ಆಡಳಿತದ ಎಂಎಚ್‌ಎ ಅಥವಾ ಎಂಬಿಎ ಕೇಳುತ್ತಾರೆ. ಮೆಡಿಕಲ್ ರೆಕಾರ್ಡ್ಸ್ ಕೆಲಸವಂತೂ ಈಗ ಅದೇ 2021ರ ಕಾಯ್ದೆಯ ಹತ್ತನೇ ಗುಂಪಿನೊಳಗಿದೆ, ಮುಂದೆ ಅದಕ್ಕೂ ನೋಂದಣಿ ಕೇಳುವ ಸಾಧ್ಯತೆ ಇದೆ.

ಸಂಶೋಧನೆ: ಸಹಿಯ ಸಮಯವೇ ಎಲ್ಲ

ಹೊಸ ಔಷಧದ ಪ್ರಯೋಗ ನಡೆಯುವ ಆಸ್ಪತ್ರೆಯಲ್ಲಿ ವೈದ್ಯರ ಜೊತೆ ಒಬ್ಬ ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್ ಇರುತ್ತಾರೆ. ಹೆಸರಲ್ಲಿ ಕ್ಲಿನಿಕಲ್ ಇದ್ದರೂ ಇದು ಚಿಕಿತ್ಸೆಯ ಕೆಲಸವಲ್ಲ. ಬಿಎಸ್ಸಿ, ಎಂಎಸ್ಸಿ ಜೀವವಿಜ್ಞಾನದವರು, ಬಿ.ಫಾರ್ಮಾದವರು ಇದಕ್ಕೆ ಬರುತ್ತಾರೆ.

ಈ ಕೆಲಸದ ಜೀವಾಳವಾದ ಕಾಗದ ಒಪ್ಪಿಗೆ ಪತ್ರ. ರೋಗಿಗೆ ತಿಳಿಯುವ ಭಾಷೆಯಲ್ಲಿ ಅದು ಇರಬೇಕು. ಓದಲು ಬಾರದವರಾದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಕೂತಿರಬೇಕು, ಆಮೇಲೆ ಹೆಬ್ಬೆಟ್ಟು. ಈಗ ಹೀಗೆ ಯೋಚಿಸಿ: ಲ್ಯಾಬ್ ಸ್ಲಿಪ್‌ನಲ್ಲಿ ರಕ್ತ ತೆಗೆದ ಸಮಯ ಬೆಳಿಗ್ಗೆ 10.10, ಒಪ್ಪಿಗೆ ಪತ್ರದ ಮೇಲೆ ಸಹಿಯ ಸಮಯ 10.40. ಪ್ರಯೋಗಕ್ಕಾಗಿಯೇ ತೆಗೆದ ರಕ್ತವಾದರೆ ಒಪ್ಪಿಗೆಗೆ ಮೊದಲೇ ಸೂಜಿ ಚುಚ್ಚಿದಂತಾಯಿತು. ಇದು ಗಂಭೀರ ಲೋಪ, ನೈತಿಕ ಸಮಿತಿಗೆ ತಿಳಿಸಬೇಕು. ಗಾಬರಿಯಾಗಿ 10.40ನ್ನು 10.00 ಎಂದು ತಿದ್ದಿದರೆ ಅದು ಲೋಪವಲ್ಲ, ವಂಚನೆ. ಬರೆಯುವಾಗ ನಿಜಕ್ಕೂ ಆದ ತಪ್ಪನ್ನು ಒಂದೇ ಗೆರೆಯಿಂದ ಹೊಡೆದು, ಮೊದಲ ಬರಹ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ತಿದ್ದಿದ ದಿನಾಂಕ, ಸಹಿ ಹಾಕುವುದು ಈ ವೃತ್ತಿಯ ಮೊದಲ ಪಾಠ. ವೈಟ್ನರ್ ಮೇಜಿನ ಮೇಲೇ ಇರಬಾರದು. ರೋಗಿಗೆ ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ವರದಿ ಹೋಗಬೇಕು ಎಂಬುದು 2019ರ ನಿಯಮ, ರವಿವಾರ ಇದ್ದರೂ.

2025ರ ಏಪ್ರಿಲ್ 1ರಿಂದ ಪ್ರಯೋಗ ನಡೆಸಿಕೊಡುವ ಸಂಶೋಧನಾ ಕಂಪನಿಗಳಿಗೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿ ಕಡ್ಡಾಯವಾಗಿದೆ. ನೋಂದಣಿ ಅಂದಮೇಲೆ ತಪಾಸಣೆ, ತಪಾಸಣೆ ಅಂದಮೇಲೆ ಕಾಗದ ಸರಿ ಇಡುವವರ ಬೇಡಿಕೆ ಹೆಚ್ಚುವುದು ಸಹಜ. ಇದರ ಬೆನ್ನಿಗೇ ‘ಆರು ತಿಂಗಳ ಕ್ಲಿನಿಕಲ್ ರಿಸರ್ಚ್ ಡಿಪ್ಲೊಮಾ, ಕೆಲಸ ಗ್ಯಾರಂಟಿ’ ಎಂಬ ಜಾಹೀರಾತುಗಳೂ ಹೆಚ್ಚುತ್ತವೆ. ದುಡ್ಡು ಕಟ್ಟುವ ಮೊದಲು ಪರೀಕ್ಷಿಸಲು ಒಂದು ಪುಕ್ಕಟೆ ಉಪಾಯವಿದೆ. 2009ರ ಜೂನ್‌ನಿಂದ ದೇಶದ ಔಷಧ ಪ್ರಯೋಗಗಳೆಲ್ಲ ctri.nic.in ತಾಣದಲ್ಲಿ ದಾಖಲಾಗಬೇಕು. ಪ್ರತಿ ದಾಖಲೆಯಲ್ಲೂ ಯಾವ ಊರಿನ ಯಾವ ಆಸ್ಪತ್ರೆ, ಯಾವ ವೈದ್ಯರು ಎಂದು ಇರುತ್ತದೆ. ಹುಬ್ಬಳ್ಳಿ, ಧಾರವಾಡ ಹೆಸರು ಹಾಕಿ ಹುಡುಕಿ. ಡಿಪ್ಲೊಮಾದವರು ಯಾವ ಪ್ರಯೋಗದಲ್ಲಿ, ಯಾವ ಆಸ್ಪತ್ರೆಯಲ್ಲಿ ತರಬೇತಿ ಕೊಡುತ್ತೇವೆ ಎನ್ನುತ್ತಾರೋ ಅದು ಅಲ್ಲಿ ಕಾಣದಿದ್ದರೆ ತರಬೇತಿ ಪ್ರೊಜೆಕ್ಟರ್ ಮೇಲಷ್ಟೇ ನಡೆಯುತ್ತದೆ ಎಂದು ತಿಳಿಯಿರಿ.

ಸರ್ಕಾರಿ ಸಂಶೋಧನಾ ಯೋಜನೆಗಳ ದಾರಿ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ ಯೋಜನೆಗಳಲ್ಲಿ ಸ್ನಾತಕೋತ್ತರ ಮುಗಿಸಿದವರು, ಅಥವಾ ಪದವಿಯ ಜೊತೆ ಮೂರು ವರ್ಷ ಅನುಭವ ಇರುವವರು ‘ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್-3’ ಹುದ್ದೆಗೆ ಅರ್ಹರು. ತಿಂಗಳಿಗೆ 28,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಬೆಳಗಾವಿಯಲ್ಲೇ ಐಸಿಎಂಆರ್‌ನ ಸಾಂಪ್ರದಾಯಿಕ ಔಷಧ ಸಂಸ್ಥೆ ಇದೆ, ಧಾರವಾಡದಿಂದ ಬಸ್ಸಿನಲ್ಲಿ ಎರಡು ಗಂಟೆಯೊಳಗೆ. ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆ, ಪ್ರಕಟಣೆಯಲ್ಲಿ ಅವಧಿ ಎಷ್ಟು ತಿಂಗಳು ಎಂದು ಬರೆದಿರುತ್ತದೆ. ಸಂಬಳದ ಸಾಲಿಗಿಂತ ಮೊದಲು ಆ ಸಾಲು ಓದಬೇಕು, ಏಕೆಂದರೆ ಕೆಲವು ಯೋಜನೆಗಳಲ್ಲಿ ನೇಮಕಾತಿ ಮುಗಿಯುವಷ್ಟರಲ್ಲಿ ಉಳಿದಿರುವುದೇ ಏಳೆಂಟು ತಿಂಗಳು.